ಉಪ್ಪಿನ ನೀರೂ ಓಟೆಯ ಕಡ್ಡಿಯೂ

ಮಕ್ಕಳ ವಿಜ್ಞಾನದ ಪುಸ್ತಕದಲ್ಲಿ ಮಿಶ್ರಣಗಳನ್ನು ಬೇರ್ಪಡಿಸುವ ವಿಷಯವಾಗಿ ಒಂದು ಪಾಠವು ಬರುವದು. ಆ ಪಾಠದ ನಡುವೆ ಒಂದು ಚಿತ್ರವಿರುವದು. ಮೂರು ಕಾಲಿನ ಕಬ್ಬಿಣದ ಪೀಠ, ಅದರ ಮೇಲೊಂದು ಪಿಂಗಾಣಿಯ ಬಟ್ಟಲು, ಕೆಳಗೆ ಉರಿಯುತ್ತಿರುವ ದೀಪ, ಬಟ್ಟಲಿನಿಂದ ಮೇಲಕ್ಕೇಳುವ ಎರಡು ಡೊಂಕು ಗೆರೆಗಳು. ಆ ಗೆರೆಗಳೇ ಹಬೆಯೆಂದು ತಿಳಿಯತಕ್ಕದ್ದು. ಚಿತ್ರದ ಕೆಳಗೆ “ಬಾಷ್ಪೀಕರಣ” ಎಂಬ ಮಾತು. ಅಂಕೋಲೆಯ ತಾಲೂಕಿನ ಹುಡುಗನೂ ಇದನ್ನೇ ಬಾಯಿಪಾಠ ಮಾಡುತ್ತಾನೆ, ಸಮುದ್ರವನ್ನು ಕಂಡರಿಯದ ಊರಿನ ಹುಡುಗನೂ ಇದನ್ನೇ ಬಾಯಿಪಾಠ ಮಾಡುತ್ತಾನೆ. ಎರಡನೆಯವನ ವಿಷಯದಲ್ಲಿ ನಾವು ಹೆಚ್ಚು ಹೇಳಲಾರೆವು. ಆದರೆ ಮೊದಲನೆಯವನ ಮನೆಯಿಂದ ಕೂಗಳತೆಯಲ್ಲಿ ಸಮುದ್ರವಿದೆ. ಗಂಗಾವಳಿಯನ್ನು ದಾಟಿ ಗೋಕರ್ಣದ ಕಡೆಗೆ ಹೋದರೆ ಸಾಣಿಕಟ್ಟಾದ ಉಪ್ಪಿನ ಆಗರವಿದೆ. ಅವನ ಹಿರಿಯರ ಕಾಲದಲ್ಲಿ ಇದೇ ಅಂಕೋಲೆಯಲ್ಲಿ ಉಪ್ಪಿಗಾಗಿ ಜನರು ಸೆರೆಮನೆಗೆ ಹೋಗಿದ್ದಾರೆ. ಇಷ್ಟೆಲ್ಲ ಇದ್ದೂ ಅವನಿಗೆ ಆ ಎರಡು ಡೊಂಕು ಗೆರೆಗಳೇ ಗತಿಯಾಗುವದು ನಮಗೆ ಬಹುಕಾಲದಿಂದ ವಿಚಿತ್ರವಾಗಿ ತೋರಿದೆ.

ಅಂಕೋಲೆಯ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಆ ಪಾಠವನ್ನು ಬೇರೊಂದು ರೀತಿಯಿಂದ ಹೇಳಿಕೊಟ್ಟದ್ದನ್ನು ನಾವು ಕೆಲವು ದಿನ ಹತ್ತಿರವಿದ್ದು ನೋಡಿದೆವು. ಶಾಲೆಯ ಅಕ್ಕೋರು ಇನ್ನೂ ಎಳೆಯ ವಯಸ್ಸಿನವರು. ಅವರ ಬಳಿಯಲ್ಲಿ ದೀಪವೂ ಇರಲಿಲ್ಲ, ಪೀಠವೂ ಇರಲಿಲ್ಲ. ಅವರು ಮಾಡಿದ ಕ್ರಮವನ್ನೇ ಗೃಹಸ್ಥರಾದ ವಾಚಕರ ಮುಂದೆ ಇಡುವೆವು. ಶಾಲೆಯಲ್ಲಿ ಆದದ್ದು ಮನೆಯ ಹಿತ್ತಲಲ್ಲಿಯೂ ಆಗಬಲ್ಲದು.

ಪಾಠದ ಮೊದಲ ದಿನ ಅವರು ಮಕ್ಕಳಿಗೆ ಒಂದು ಹಿಡಿ ಉಪ್ಪು, ಒಂದು ತಂಬಿಗೆ ನೀರು ಇವೆರಡನ್ನೇ ಕೊಟ್ಟರು. ಉಪ್ಪನ್ನು ನೀರಿನಲ್ಲಿ ಹಾಕಿ, ಕದಡಿ, ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹನಿ ತೆಗೆದು ರುಚಿ ನೋಡಿಸಿದರು. ಇದನ್ನು ಕಂಡು ನಮಗೆ ಮುಗುಳುನಗೆ ಬಂದಿತು. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ತನ್ನ ಮಗ ಶ್ವೇತಕೇತುವಿಗೆ ಮಾಡಿಸಿದ ಪ್ರಯೋಗವು ಇದೇ ಅಲ್ಲವೆ! ರಾತ್ರಿ ಉಪ್ಪನ್ನು ನೀರಿಗೆ ಹಾಕಿಸಿ, ಬೆಳಿಗ್ಗೆ ಅದನ್ನು ಹುಡುಕಿ ತರಹೇಳಿ, ಅದು ಕಾಣದಾದಾಗ ಮೂರು ಕಡೆಯಿಂದ ರುಚಿ ನೋಡಿಸಿದನೆಂದು ಅಲ್ಲಿ ಹೇಳಿದೆ. ಆ ತಂದೆಯ ಉದ್ದೇಶವು ಬ್ರಹ್ಮವಿದ್ಯೆ, ಅಕ್ಕೋರ ಉದ್ದೇಶವು ದ್ರಾವಣದ ಲಕ್ಷಣ. ಆದರೆ ಸಾಮಗ್ರಿಯೂ ರೀತಿಯೂ ಒಂದೇ. ಕಣ್ಣಿಗೆ ಕಾಣದ್ದು ಇಲ್ಲವಾಯಿತೆಂದು ತಿಳಿಯಬಾರದೆಂಬುದು ಇದರಿಂದ ಮಕ್ಕಳಿಗೆ ನಾಲಗೆಯ ಮೂಲಕವೇ ತಿಳಿಯಿತು.

ಆದರೆ ನಾಲಗೆಯು ಅಳತೆಗೋಲಲ್ಲ. ಒಬ್ಬನಿಗೆ ಬಹಳ ಉಪ್ಪೆನಿಸಿದ್ದು ಇನ್ನೊಬ್ಬನಿಗೆ ಸ್ವಲ್ಪವೆನಿಸುವದು. “ಎಷ್ಟು ಉಪ್ಪು?” ಎಂದು ಕೇಳಿದರೆ ಉತ್ತರ ಹೇಳುವದು ಹೇಗೆ? ಈ ಪ್ರಶ್ನೆಯಿಂದಲೇ ಎರಡನೆಯ ದಿನದ ಪಾಠವು ಹುಟ್ಟಿತು. ನಮ್ಮ ಮಟ್ಟಿಗೆ ಇಡೀ ಪಾಠದಲ್ಲಿ ಇದೇ ಅತ್ಯಂತ ಸ್ವಾರಸ್ಯವಾದ ಭಾಗವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುವೆವು.

ಉಪ್ಪು ಬೆರೆತಷ್ಟೂ ನೀರು ಭಾರವಾಗುವದು. ಭಾರವಾದ ನೀರಿನಲ್ಲಿ ತೇಲುವ ವಸ್ತು ಹೆಚ್ಚು ಮೇಲಕ್ಕೆ ಏಳುವದು. ಹೊಳೆಯಿಂದ ಸಮುದ್ರಕ್ಕೆ ಇಳಿದ ದೋಣಿಯು ಕೂದಲೆಳೆಯಷ್ಟಾದರೂ ಮೇಲೆದ್ದೇ ತೇಲುತ್ತದೆ. ಹೀಗಿರುವದರಿಂದ, ತೇಲುವ ಒಂದು ಕಡ್ಡಿಯು ಎಷ್ಟು ಮೇಲಕ್ಕೆದ್ದಿತೆಂದು ಅಳೆದರೆ ನೀರಿನಲ್ಲಿ ಉಪ್ಪು ಎಷ್ಟಿದೆಯೆಂದು ಹೇಳಬಹುದು. ಉಪ್ಪಿನ ಕಾರಖಾನೆಗಳಲ್ಲಿ ಇದಕ್ಕಾಗಿ ಗಾಜಿನ ಮಾಪಕವೊಂದನ್ನು ಬಳಸುತ್ತಾರೆ. ಅಂತ್ವಾನ್ ಬೋಮೆ ಎಂಬ ಫ್ರೆಂಚ್ ಔಷಧಶಾಸ್ತ್ರಜ್ಞನು 1768ರಲ್ಲಿ ಅದರ ಅಂಶಗಳನ್ನು ಗೊತ್ತುಮಾಡಿದ್ದರಿಂದ ಆ ಅಂಶಗಳಿಗೆ ಇಂದಿಗೂ ಅವನ ಹೆಸರೇ ಇದೆ. ಅವನು ಮಾಡಿದ್ದು ಬಹು ಸರಳವಾದ ಕೆಲಸ. ಬರಿಯ ನೀರಿನಲ್ಲಿ ಮಾಪಕವು ನಿಂತ ಕಡೆಗೆ ಸೊನ್ನೆಯೆಂದು ಬರೆದನು. 15 ಭಾಗ ಉಪ್ಪನ್ನು 85 ಭಾಗ ನೀರಿನಲ್ಲಿ ಕರಗಿಸಿ, ಅದರಲ್ಲಿ ನಿಂತ ಕಡೆಗೆ 15 ಎಂದು ಬರೆದನು. ನಡುವಿನ ಜಾಗವನ್ನು ಹದಿನೈದು ಸಮಭಾಗ ಮಾಡಿ, ಅದೇ ಅಳತೆಯಿಂದ ಮುಂದಕ್ಕೂ ಗೆರೆ ಎಳೆದನು. ಅಡಿಗೆಮನೆಯ ಉಪ್ಪೂ ತಕ್ಕಡಿಯೂ ಸಾಕಾಗುವ ಈ ಕೆಲಸವನ್ನು ಅಂಕೋಲೆಯ ಮಕ್ಕಳು ಏಕೆ ಮಾಡಬಾರದು?

ಗಾಜಿನ ಮಾಪಕದ ಬದಲು ಅವರು ಬಿದಿರಿನ ತೆಳ್ಳನೆಯ ಓಟೆಯನ್ನು ತೆಗೆದುಕೊಂಡರು. ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣದು, 20 ಸೆಂಟಿಮೀಟರ್ ಉದ್ದದ್ದು, ಬುಡದಿಂದ ತುದಿಯವರೆಗೆ ಒಂದೇ ದಪ್ಪವಿದ್ದದ್ದು. ಕೆಳಗಿನ ತುದಿಗೆ ಗಿಣ್ಣು ಬರುವಂತೆ ಕತ್ತರಿಸಿದರೆ ಅದೇ ತಳವಾಗುವದು, ಬೇರೆ ಬಿರಡೆ ಬೇಕಾಗದು. ಹೊರಗೆ ಮೇಣವನ್ನು ತೆಳ್ಳಗೆ ಸವರಬೇಕು. ಇಲ್ಲವಾದರೆ ಬಿದಿರು ನೀರು ಕುಡಿದು, ಗಳಿಗೆಗೊಮ್ಮೆ ಕೆಳಗಿಳಿಯುತ್ತ ಹೋಗುವದು. ಬಳಿಕ ಓಟೆಯೊಳಗೆ ಒಣ ಮರಳನ್ನು ಸ್ವಲ್ಪಸ್ವಲ್ಪವಾಗಿ ಸುರಿದು, ಆಳವಾದ ಕೊಡದಲ್ಲಿಯ ಬಾವಿಯ ನೀರಿನಲ್ಲಿ ಅದನ್ನು ತೇಲಬಿಟ್ಟು ನೋಡಬೇಕು. ಮರಳಿನಿಂದಲೇ ಕಡ್ಡಿಯು ನೆಟ್ಟಗೆ ನಿಲ್ಲದೆ ವಾಲಿದರೆ ತಳಕ್ಕೆ ಕೆಲವು ಸಣ್ಣ ಉಕ್ಕಿನ ಗುಂಡುಗಳನ್ನು ಹಾಕಿ ಮೇಲೆ ಮರಳನ್ನು ತುಂಬಬೇಕು. ಮೀನುಗಾರರ ಬಲೆಯ ಸೀಸದ ಗುಂಡು ಕೈಗೆ ಸಿಕ್ಕುವದು ಸುಲಭವೇ. ಆದರೆ ಸೀಸವು ವಿಷವಾದ್ದರಿಂದ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ಇಲ್ಲಿ ಅಕ್ಕೋರು ಒಂದು ಯುಕ್ತಿಯನ್ನು ಮಾಡಿದರು. ಬಾವಿಯ ನೀರಿನಲ್ಲಿ ಕಡ್ಡಿಯು ಸರಿಯಾಗಿ ಹದಿನಾಲ್ಕೂವರೆ ಸೆಂಟಿಮೀಟರ್, ಎಂದರೆ 145 ಮಿಲಿಮೀಟರ್ ಮುಳುಗುವ ತನಕ ಮರಳನ್ನು ಹಾಕಿಸಿದರು. ಬೋಮೆಯ ಅಂಶಗಳ ಲೆಕ್ಕದಲ್ಲಿ 145 ಎಂಬ ಸಂಖ್ಯೆಯೇ ಮೂಲವಾದ್ದರಿಂದ, ಹೀಗೆ ಮಾಡಿದ ಒಂದೇ ದಪ್ಪದ ಕಡ್ಡಿಯು ನೀರಿನಿಂದ ಎಷ್ಟು ಮಿಲಿಮೀಟರ್ ಮೇಲೇಳುವದೋ ಅಷ್ಟೇ ಅಂಶವೆಂದು ತಿಳಿಯಬಹುದು. ಮಕ್ಕಳ ಕಂಪಾಸಿನ ಪೆಟ್ಟಿಗೆಯ ಅಳತೆಪಟ್ಟಿಯೇ ಮಾಪಕವಾಯಿತು! ಸಮುದ್ರದ ನೀರಿನಲ್ಲಿ ಕಡ್ಡಿಯು ಸುಮಾರು ಮೂರೂವರೆ ಮಿಲಿಮೀಟರ್ ಏಳುವದು. 85 ಗ್ರಾಂ ನೀರಿಗೆ 15 ಗ್ರಾಂ ಉಪ್ಪು ಎಂಬ ಪ್ರಮಾಣದಿಂದ ಕೊಡ ತುಂಬ ಮಾಡಿದ ದ್ರಾವಣದಲ್ಲಿ 15 ಮಿಲಿಮೀಟರಿನ ಹತ್ತಿರ ಏಳುವದು. ಇನ್ನು ಕರಗಲಾರದೆಂಬಷ್ಟು ಉಪ್ಪನ್ನು ಹಾಕಿದ ನೀರಿನಲ್ಲಿ 25 ಮಿಲಿಮೀಟರಿಗೆ ಸಮೀಪವಾಗಿ ಏಳುವದು.

ಒಂದು ಗುಂಪಿನ ಕಡ್ಡಿಯು ಹದಿನೈದರ ದ್ರಾವಣದಲ್ಲಿ ಹನ್ನೆರಡನ್ನೇ ತೋರಿಸಿತು. ಹುಡುಗರು ಉಪ್ಪು ಕಡಿಮೆಯಾಯಿತೆಂದು ವಾದಿಸಿದರು, ಮತ್ತೆ ತೂಗಿದರು, ಉಪ್ಪು ಸರಿಯಾಗಿಯೇ ಇತ್ತು. ಕಡೆಗೆ ಕಡ್ಡಿಗೆ ದಾರ ಸುತ್ತಿ ಅಳೆದಾಗ ಅದರ ಮೇಲ್ಭಾಗವು ಬುಡಕ್ಕಿಂತ ದಪ್ಪವೆಂದು ತಿಳಿಯಿತು. ದಪ್ಪ ಭಾಗವು ಹೊರಗೆ ಬರಬೇಕಾದಲ್ಲಿ ಕಡ್ಡಿಯು ಕಡಿಮೆ ಏಳುವದಷ್ಟೆ. ಅಂಥ ಕಡ್ಡಿಯನ್ನು ಎಸೆಯಬೇಕಾಗಿಲ್ಲ. ಬೋಮೆಯು ಮಾಡಿದಂತೆ ಸೊನ್ನೆ ಹದಿನೈದುಗಳನ್ನು ಅದರ ಮೇಲೆಯೇ ಗುರುತುಮಾಡಿ ನಡುವೆ ಹಂಚಿಕೊಂಡರಾಯಿತು. ಅಂಗಡಿಯಿಂದ ತಂದ ಗಾಜಿನ ಮಾಪಕವಾಗಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಓದುವಾಗ ಕಣ್ಣು ನೀರಿನ ಮಟ್ಟಕ್ಕೇ ಇರಬೇಕು, ಮತ್ತು ಎಲ್ಲ ನೀರುಗಳನ್ನೂ ಒಂದೇ ನೆರಳಿನಲ್ಲಿ ಒಂದು ಗಳಿಗೆ ಇಟ್ಟಿರಬೇಕು. ಬಿಸಿಲಲ್ಲಿ ಕಾದ ನೀರು ಹಗುರಾಗಿ ಲೆಕ್ಕವನ್ನು ಕೆಡಿಸುವದು.

ಮೂರನೆಯ ದಿನ ಬೇರ್ಪಡಿಸುವ ಕೆಲಸ. ಕೇಣಿಯ ಕಡಲತೀರದಿಂದ, ಹೊಳೆ ಕೂಡುವ ಬಾಯಿಗೆ ದೂರವಾಗಿ, ಭರತಿಯ ಹೊತ್ತಿನಲ್ಲಿ ಒಂದೂಕಾಲು ಲೀಟರ್ ನೀರನ್ನು ತಂದು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿದರು. ಅದನ್ನು ನಾಲ್ಕು ಪಿಂಗಾಣಿಯ ತಾಟುಗಳಿಗೆ ಕಾಲುಕಾಲು ಲೀಟರಿನಂತೆ ಹಂಚಿದರು. ತಾಟಿನ ತಳದ ಅಗಲ ಇಪ್ಪತ್ತು ಸೆಂಟಿಮೀಟರ್ ಇದ್ದರೆ ನೀರು ಅದರಲ್ಲಿ ಎಂಟು ಮಿಲಿಮೀಟರ್ ಆಳವಾಗಿ ನಿಲ್ಲುವದು. ಇನ್ನೊಂದು ಕಾಲು ಲೀಟರನ್ನು ಕಿರಿದಾದ ಬಾಯಿಯ ತಂಬಿಗೆಯಲ್ಲಿ ಹಾಕಿ ಎಲ್ಲವನ್ನೂ ಅಂಗಳದ ಬಿಸಿಲಿನಲ್ಲಿಟ್ಟು ಮೇಲೆ ತೆಳ್ಳನೆಯ ಬಟ್ಟೆಯನ್ನು ಕಟ್ಟಿದರು. ಏಪ್ರಿಲಿನ ಬಿಸಿಲಿಗೂ ಕಡಲಗಾಳಿಗೂ ತಾಟಿನ ನೀರು ಎರಡು ಮೂರು ದಿನದಲ್ಲಿ ಕಡೆಯ ಹಂತಕ್ಕೆ ಬಂದಿತು. ತಂಬಿಗೆಯ ನೀರು ಅಷ್ಟು ದಿನಕ್ಕೆ ಇಳಿದದ್ದು ತೋರುವಷ್ಟೂ ಇರಲಿಲ್ಲ. ನೀರು ಆವಿಯಾಗುವದು ಮೇಲ್ಮುಖದಿಂದ ಮಾತ್ರವೆಂಬ ಮಾತನ್ನು ಹೇಳಿಕೊಡಬೇಕಾದ ಅವಶ್ಯಕತೆಯೇ ಬೀಳಲಿಲ್ಲ. ಆಗರದ ಗದ್ದೆಗಳು ಏಕೆ ಅಷ್ಟು ವಿಸ್ತಾರವಾಗಿಯೂ ಅಷ್ಟು ಕಡಿಮೆ ಆಳವಾಗಿಯೂ ಇರುತ್ತವೆಂದು ಮುಂದೆ ಕೇಳಿದಾಗ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು “ಅವು ತಾಟು, ತಂಬಿಗೆಯಲ್ಲ” ಎಂದು ಥಟ್ಟನೆ ಹೇಳಿದಳು.

ಪಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಿತ್ತಾಳೆಯ ತಾಟಿನಲ್ಲಿ ಹಸಿರು ಕಿಲುಬು ಏಳುವದು. ಅಲ್ಯುಮಿನಿಯಮ್ಮಿಗೂ ಉಪ್ಪುನೀರು ಆಗದು. ಮೆರುಗಿಲ್ಲದ ಮಣ್ಣಿನ ಪಾತ್ರೆಯಲ್ಲಿಟ್ಟರೆ ನೀರು ಜಿನುಗಿ, ಪಾತ್ರೆಯ ಹೊರಮೈಯಲ್ಲಿ ಉಪ್ಪು ಬಿಳಿಯ ಬೂದಿಯಂತೆ ಅರಳುವದು. ನೋಡುವದಕ್ಕೆ ಅದೊಂದು ಸೊಗಸೇ, ಆದರೆ ತೂಕಕ್ಕೆ ಬಾರದು. ಪಿಂಗಾಣಿ ಇಲ್ಲವೆ ಗಾಜು ಇರಲಿ.

ಕಾಲು ಲೀಟರ್ ನೀರು ಐದರಲ್ಲಿ ಒಂದು ಪಾಲಿಗೆ, ಎಂದರೆ ಐವತ್ತು ಮಿಲಿಲೀಟರಿಗೆ ಇಳಿದ ಹೊತ್ತಿಗೆ ತಳದಲ್ಲಿ ಸುಣ್ಣದಂಥ ಬಿಳಿಯ ಪೊರೆ ಕಾಣಿಸುವದು. ಅದನ್ನು ನಾಲಗೆಗೆ ಮುಟ್ಟಿಸಿದರೆ ಉಪ್ಪೇ ಇಲ್ಲ! ಮಕ್ಕಳ ಆಶ್ಚರ್ಯಕ್ಕೆ ಪಾರವಿಲ್ಲದಂತಾಯಿತು. ಅದು ಜಿಪ್ಸಮ್, ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶವು ನಮ್ಮ ಉಪ್ಪಿಗಿಂತ ಮೊದಲು ಕೆಳಗಿಳಿಯುವದು. ಒಂದು ತಾಟಿಗೆ ಸಿಕ್ಕುವದು ಒಂದು ಚಿಟಿಕೆಗಿಂತ ಕಡಿಮೆ. ಆಗ ಮೇಲಿನ ತಿಳಿನೀರನ್ನು ಬಟ್ಟೆಯಿಂದ ಸೋಸಿ ಸಣ್ಣ ಬಟ್ಟಲಿಗೆ ಬಗ್ಗಿಸಬೇಕು. ನೀರು ಮೊದಲಿನ ಹತ್ತರಲ್ಲಿ ಒಂದು ಪಾಲಿಗೆ, ಇಪ್ಪತ್ತೈದು ಮಿಲಿಲೀಟರಿಗೆ ಇಳಿದಾಗ ನಿಜವಾದ ಉಪ್ಪು ಹುಟ್ಟುವದು. ಮೊದಲಿಗೆ ನೀರಿನ ಮೇಲೆ ತಲೆಕೆಳಗಾದ ಗೋಪುರದಂಥ ಚೌಕದ ಸಣ್ಣ ದೋಣಿಗಳು ತೇಲುವವು. ಉಸಿರು ತಾಗಿದರೆ ಮುಳುಗುವವು. ಭೂತಗನ್ನಡಿಯಿದ್ದರೆ ಮೆಟ್ಟಿಲು ಮೆಟ್ಟಿಲಾದ ಅವುಗಳ ಬದಿಗಳನ್ನು ನೋಡಬಹುದು. ನೀರು ನಿಧಾನವಾಗಿ ಆರಿದಷ್ಟೂ ಹರಳು ದೊಡ್ಡದು. ಒಲೆಯ ಮೇಲೆ ಕುದಿಸಿದರೆ ಹಿಟ್ಟಿನಂತಾಗುವದು.

ಈಗ ಬರುವದು ಪಾಠದ ಮರ್ಮ. ಹತ್ತು ಮಿಲಿಲೀಟರಿನಷ್ಟು ನೀರು ಉಳಿದಾಗ ಅದನ್ನು ಬೇರೆ ಬಟ್ಟಲಿಗೆ ಬಸಿದುಬಿಡಬೇಕು. ಬಸಿದ ನೀರು ಎಣ್ಣೆಯಂತೆ ಜಿಡ್ಡಾಗಿರುವದು. ಎಷ್ಟು ದಿನ ಬಿಸಿಲಿನಲ್ಲಿಟ್ಟರೂ ಪೂರ್ಣವಾಗಿ ಒಣಗದು; ಒಣಗಿದಂತೆ ತೋರಿದ್ದೂ ಸಂಜೆಯ ತಂಪಿಗೆ ಮತ್ತೆ ಒದ್ದೆಯಾಗುವದು. ನಾಲಗೆಯ ತುದಿಗೆ ಮುಟ್ಟಿಸಿದರೆ ಕಹಿ. ಅದಕ್ಕಿಂತ ಹೆಚ್ಚು ರುಚಿ ನೋಡುವದು ಬೇಡ. ಭೇದಿಗೆ ಕೊಡುವ ಲವಣವೂ ಅದರಲ್ಲಿದೆ. ಈ ಕಹಿನೀರಿನಲ್ಲಿರುವದು ಮೆಗ್ನೀಸಿಯಮ್ಮಿನ ಲವಣಗಳು. ಮನೆಯ ಭರಣಿಯಲ್ಲಿಯ ಕಲ್ಲುಪ್ಪು ಮಳೆಗಾಲದಲ್ಲಿ ನೀರಾಗುವದು ಬಹುಮಟ್ಟಿಗೆ ಇವುಗಳ ದೆಸೆಯಿಂದಲೇ. ಮಿಡಿ ಉಪ್ಪಿನಕಾಯಿಗೆ ಹಳೆಯ ಉಪ್ಪೇ ಬೇಕೆಂದು, ಅದನ್ನು ಬುಟ್ಟಿಯಲ್ಲಿಟ್ಟು ನೀರಿಳಿಸಿ ಬಳಸಬೇಕೆಂದು ಹಿರಿಯರು ಹೇಳುತ್ತಿದ್ದರಲ್ಲ, ಹಾಗೆ ಇಳಿದುಹೋಗುವ ನೀರೂ ಈ ಕಹಿನೀರೇ.

ತೂಕಕ್ಕಾಗಿ ಮಕ್ಕಳು ಊರಿನ ಸೊನಗಾರನ ಬಳಿಗೆ ಹೋದರು. ಗ್ರಾಮಿನ ಭಾಗಗಳನ್ನು ಅಳೆಯಬಲ್ಲ ತಕ್ಕಡಿಯು ಹಳ್ಳಿಯಲ್ಲಿ ಬೇರೆಲ್ಲಿದೆ? ಅವರು ಕೆಲಸ ಬಿಟ್ಟು ಎದ್ದುಬಂದು ಮಕ್ಕಳ ಉಪ್ಪನ್ನು ಚಿನ್ನದಂತೆಯೇ ತೂಗಿಕೊಟ್ಟರು. ಪುಸ್ತಕದ ಲೆಕ್ಕದಿಂದ ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 36 ಗ್ರಾಂ ಲವಣಗಳು. ಅದರಲ್ಲಿ ಅಡಿಗೆಯ ಉಪ್ಪು ಸುಮಾರು 28 ಗ್ರಾಂ. ಒಂದು ತಾಟಿಗೆ ಒಟ್ಟು 9, ಅಡಿಗೆಯ ಉಪ್ಪು 7 ಗ್ರಾಂ ಆಗಬೇಕು. ಕಹಿನೀರನ್ನು ಬಸಿಯದೆ ಎಲ್ಲವನ್ನೂ ಒಣಗಿಸಿದ ಒಂದು ಗುಂಪಿಗೆ ಹತ್ತು ಗ್ರಾಮಿಗಿಂತ ಮೇಲೆ ಬಂದಿತು. ಹೆಚ್ಚಾದದ್ದು ಎಲ್ಲಿಂದ? ಆ ಲವಣಗಳು ಬಿಸಿಲಿಗೆ ಬಿಟ್ಟುಕೊಡದೆ ತಮ್ಮಲ್ಲಿಯೇ ಹಿಡಿದಿಟ್ಟುಕೊಂಡ ನೀರಿನಿಂದ. ಕಹಿನೀರನ್ನು ಬಸಿದ ಮೂರು ಗುಂಪಿನವರ ಉಪ್ಪು ಏಳು ಗ್ರಾಮಿಗಿಂತ ಕಡಿಮೆ ಬಂದಿತು. ಸ್ವಲ್ಪ ಉಪ್ಪು ಬಸಿದ ನೀರಿನೊಡನೆ ಹೋಗಿಯೇ ಹೋಗುವದು.

ಇಷ್ಟಾದ ಮೇಲೆ ಆಗರಕ್ಕೆ ಹೋದದ್ದು. ಪ್ರವಾಸವನ್ನು ಮೊದಲು ಮಾಡಿಸಿ ಪಾಠವನ್ನು ಬಳಿಕ ಹೇಳುವ ವಾಡಿಕೆಯು ಹೆಚ್ಚಾಗಿ ಕಾಣಬರುವದು. ಆಗ ಮಕ್ಕಳು ತಿಂಡಿಯ ಗಂಟನ್ನೇ ಹೆಚ್ಚಾಗಿ ನೆನಪಿನಲ್ಲಿಡುತ್ತಾರೆಂಬುದು ನಮ್ಮ ಮೂವತ್ತು ವರ್ಷದ ಅನುಭವ. ಇಲ್ಲಿ ಮಕ್ಕಳು ಪ್ರಶ್ನೆಗಳನ್ನು ಕಟ್ಟಿಕೊಂಡು ಹೋಗಿದ್ದರು. ಸಾಣಿಕಟ್ಟಾದಲ್ಲಿ ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಭರತಿಯ ಕಾಲಕ್ಕೆ ಒಳಗೆ ಬಿಟ್ಟುಕೊಂಡು, ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಹಾಯಿಸುತ್ತ, ಕಡೆಯ ಚಿಕ್ಕ ಗದ್ದೆಗಳಲ್ಲಿ ಉಪ್ಪನ್ನು ಕೂಡಿಸುತ್ತಾರೆ. ತಾಟಿನಿಂದ ಬಟ್ಟಲಿಗೆ, ಬಟ್ಟಲಿನಿಂದ ಇನ್ನೊಂದು ಬಟ್ಟಲಿಗೆ ತಾವು ಬಗ್ಗಿಸಿದ್ದು ಇಲ್ಲಿ ನೆಲದ ಮೇಲೆಯೇ ಹರಡಿರುವದನ್ನು ಮಕ್ಕಳು ಕಂಡರು. ಓಟೆಯ ಕಡ್ಡಿಯನ್ನು ಅವರು ಕೈಬಿಟ್ಟಿರಲಿಲ್ಲ. ಪ್ರತಿಯೊಂದು ಗದ್ದೆಯ ನೀರನ್ನು ಕೊಡಕ್ಕೆ ಮೊಗೆದು ಕಡ್ಡಿಯನ್ನು ತೇಲಬಿಟ್ಟು ಬರೆದುಕೊಳ್ಳುತ್ತ ಬಂದರು. ಮೊದಲ ಗದ್ದೆಯಲ್ಲಿ ಬೆರಳೆಣಿಕೆಯಷ್ಟಿದ್ದ ಅಂಕಿಯು ಗದ್ದೆಯಿಂದ ಗದ್ದೆಗೆ ಏರುತ್ತ, ಉಪ್ಪು ಕಟ್ಟುವ ಕಡೆಯ ಗದ್ದೆಯಲ್ಲಿ ಇಪ್ಪತ್ತೈದರ ಸುತ್ತ ಬಂದಿತು. ಹಳ್ಳಿಯ ಬಿದಿರು ಫ್ರಾನ್ಸಿನ ಅಂಶವನ್ನು ತೋರಿಸಿದ ಆ ಗಳಿಗೆಯಲ್ಲಿ ಅಕ್ಕೋರ ಮುಖವನ್ನು ನೋಡಬೇಕಾಗಿತ್ತು!

ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರು ಕಡ್ಡಿಯನ್ನು ಕುತೂಹಲದಿಂದ ನೋಡಿದರು. ಅಂಕೋಲೆ ಕುಮಟೆಗಳ ಸೀಮೆಯ ಆಗೇರರಿಗೆ ಆ ಹೆಸರು ಬಂದದ್ದೇ ಆಗರದಿಂದ. ಈ ವಿದ್ಯೆಯು ಅವರಿಗೆ ಮನೆತನದ್ದು. “ನಮಗೆ ಕಡ್ಡಿ ಬೇಡ ಮಾಸ್ತರೇ, ನೀರಿನ ಬಣ್ಣ ನೋಡಿದ್ರೆ ತಿಳೀತದೆ,” ಎಂದರು. ಹುಡುಗನೊಬ್ಬನು, “ಅಜ್ಜೀ, ಉಪ್ಪು ತೆಗೆದ ಮೇಲೆ ಉಳಿದ ನೀರನ್ನು ಏನು ಮಾಡ್ತೀರಿ?” ಎಂದು ಕೇಳಿದನು. “ಅದನ್ನ ಬಿಡಬೇಕು ಮಗಾ. ಇಟ್ಟುಕೊಂಡ್ರೆ ಉಪ್ಪು ಕಹಿಯಾಗ್ತದೆ, ಒಣಗೂದಿಲ್ಲ,” ಎಂಬ ಉತ್ತರವು ಬಂದಿತು. ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ತಮ್ಮ ಬಟ್ಟಲಿನಲ್ಲಿ ಕಂಡದ್ದನ್ನು ಪುಸ್ತಕವನ್ನೋದದ ಅಜ್ಜಿಯು ಹೇಳಿದಳಲ್ಲ! ಇಂಥವರಿಂದ ಕಲಿಯಲು ಹೋಗುವವರು ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ಉಪ್ಪು ಕೂಡಿಸುವ ಹೊತ್ತಿನಲ್ಲಿ ಅವರನ್ನು ನಿಲ್ಲಿಸಿ ಮಾತನಾಡಿಸಿದರೆ ಕೂಲಿಗೆ ನಷ್ಟ. ವಿಶ್ರಾಂತಿಯ ಹೊತ್ತನ್ನು ಕೇಳಿ ಹೋಗಬೇಕು. ಮತ್ತು ಗದ್ದೆಯ ಬದುಗಳ ಮೇಲೆ ಐವತ್ತು ಮಕ್ಕಳು ಓಡಾಡಿದರೆ ಒಂದು ವಾರದ ಕೆಲಸ ಕೆಡುವದು. ಹತ್ತು ಹನ್ನೆರಡು ಮಂದಿಯ ಗುಂಪೇ ಸರಿ.

ಮರಳಿ ಬರುವಾಗ ಅಕ್ಕೋರು 1930ರ ಕಥೆಯನ್ನು ಹೇಳಿದರು. ಆ ವರ್ಷದ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಜನರು ಸಮುದ್ರದ ನೀರಿನಿಂದ ಉಪ್ಪು ಮಾಡಿ ಸರಕಾರದ ಕಾನೂನನ್ನು ಮುರಿದದ್ದು ಕರ್ನಾಟಕದವರಿಗೆಲ್ಲ ತಿಳಿದ ಸಂಗತಿ. ಆದರೆ ಮಕ್ಕಳು ಕೇಳಿದ ಪ್ರಶ್ನೆಯನ್ನು ನಾವು ಚರಿತ್ರೆಯ ಯಾವ ತರಗತಿಯಲ್ಲಿಯೂ ಕೇಳಿರಲಿಲ್ಲ. “ಅವರ ಉಪ್ಪು ಕಹಿಯಾಗಿತ್ತೆ?” ಗಡಿಗೆಯಲ್ಲಿ ಸಮುದ್ರದ ನೀರನ್ನು ಪೂರ್ಣವಾಗಿ ಇಂಗಿಸಿದರೆ ಜಿಪ್ಸಮ್ಮೂ ಕಹಿಯೂ ಎಲ್ಲವೂ ಉಪ್ಪಿನೊಡನೆಯೇ ಉಳಿಯುವದು, ಹಾಗೆ ಮಾಡಿದ ಯಾವ ಉಪ್ಪಾದರೂ ಸ್ವಲ್ಪ ಕಹಿಯಾಗಿಯೇ ಇರಬೇಕು. ಅದರ ರುಚಿಗಾಗಿ ಯಾರೂ ಅದನ್ನು ಮಾಡಿರಲಿಲ್ಲವೆಂದು ಅಕ್ಕೋರು ಉತ್ತರ ಕೊಟ್ಟರು.

ಕಾರವಾರದವರಿಗೆ ಆಗರವು ದೂರವಾಯಿತು; ಆದರೆ ಅವರಿಗೆ ಕಾಳಿನದಿಯಿದೆ. ಕೋಡಿಬಾಗದ ಬಳಿಯಲ್ಲಿ ಕಾಳಿಯು ಸಮುದ್ರವನ್ನು ಕೂಡುವಲ್ಲಿ ಹೊಳೆಯ ನೀರು ಮೇಲೆ, ಭಾರವಾದ ಉಪ್ಪುನೀರು ಕೆಳಗೆ ಇರುವದುಂಟು. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೊಂದು ದಾರ ಕಟ್ಟಿ, ತಳಕ್ಕೆ ಇಳಿಸಿದ ಮೇಲೆ ಆ ದಾರವನ್ನು ಎಳೆದರೆ ತಳದ ನೀರೇ ಬಾಟಲಿಗೆ ತುಂಬುವದು. ಮಳೆಗಾಲ ಕಳೆದ ಹೊಸತರಲ್ಲಿ ಮೇಲಿನ ನೀರಿಗೂ ತಳದ ನೀರಿಗೂ ಕಡ್ಡಿಯಲ್ಲಿ ಭೇದವು ತೋರಬಹುದು. ಇದನ್ನು ಮಾಡತಕ್ಕವರು ದೋಣಿಯ ಅನುಭವಸ್ಥರು. ಮಕ್ಕಳು ದಂಡೆಯಲ್ಲಿ ನಿಂತು ಅಳೆಯಲಿ.

ಈ ಕಡ್ಡಿಯು ಮಾಡಲಾರದ ಕೆಲಸವೊಂದಿದೆ. ಬೇಸಗೆಯಲ್ಲಿ ಹೊಳೆಯ ಹರಿವು ತಗ್ಗಿ ಭರತಿಯ ನೀರು ಮೇಲಕ್ಕೆ ನುಗ್ಗಿದಾಗ ಅಳಿವೆಯ ದಂಡೆಯ ಬಾವಿಗಳು ಸವಳಾಗುವವು. ನಮ್ಮ ಬಾವಿಯೂ ಹಾಗಾಯಿತೇ ಎಂದು ತಿಳಿಯಲು ಮಕ್ಕಳು ಕಡ್ಡಿಯನ್ನೇ ತಂದರು, ಅದು ಅಲುಗಲಿಲ್ಲ. ಒಂದು ಲೀಟರಿಗೆ ಒಂದು ಗ್ರಾಂ ಉಪ್ಪು ಸೇರಿದರೆ ನಾಲಗೆಗೆ ತಿಳಿಯುವದು, ಕುಡಿಯಲು ಮನಸ್ಸಾಗದು. ಆದರೆ ಅಷ್ಟಕ್ಕೆ ಕಡ್ಡಿಯು ಏಳುವದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಕಣ್ಣಿಗೆ ಅದು ಕಾಣಲಾರದು. ಅದಕ್ಕೆ ಬೇರೆ ಉಪಾಯ ಬೇಕು. ಒಂದೇ ಅಳತೆಯ ಎರಡು ಗಾಜಿನ ತಟ್ಟೆಗಳನ್ನು ತೆಗೆದುಕೊಂಡು, ಒಂದರಲ್ಲಿ ಸಿಹಿಬಾವಿಯೆಂದು ಹೆಸರಾದ ಬಾವಿಯ ನೀರನ್ನು, ಇನ್ನೊಂದರಲ್ಲಿ ಸಂಶಯದ ಬಾವಿಯ ನೀರನ್ನು ಎರಡೆರಡು ಚಮಚದಂತೆ ಹಾಕಿ ಬಿಸಿಲಿನಲ್ಲಿ ಆರಿಸಬೇಕು. ತಟ್ಟೆಯ ಕೆಳಗೆ ಕಪ್ಪು ಬಟ್ಟೆಯನ್ನು ಹಾಸಿ ನೋಡಿದರೆ ಉಳಿದ ಬಿಳಿಯ ಉಂಗುರಗಳ ದಪ್ಪವು ಹೇಳುವದು. ಪ್ರತಿ ಹುಣ್ಣಿಮೆಗೊಮ್ಮೆ ಹೀಗೆ ಮಾಡಿ ತಟ್ಟೆಯ ಪಕ್ಕದಲ್ಲಿ ತಾರೀಖನ್ನು ಬರೆದಿಟ್ಟರೆ ಬಾವಿಗೆ ಉಪ್ಪು ಬರತೊಡಗಿದ ತಿಂಗಳು ತಿಳಿಯುವದು. ಆದರೆ ಬಿಳಿಯ ಉಂಗುರವೆಲ್ಲ ಉಪ್ಪಲ್ಲ. ಸುಣ್ಣದ ಅಂಶವಿದ್ದರೂ ಉಂಗುರ ಬೀಳುವದು. ಅದರ ಮೇಲೆ ಒಂದು ಹನಿ ನಿಂಬೆಯ ರಸವನ್ನು ಬಿಟ್ಟಾಗ ಗುಳ್ಳೆಗಳೆದ್ದರೆ ಅದರಲ್ಲಿ ಸುಣ್ಣವಿದೆ. ಈ ಉಪಾಯದಿಂದ ನೀರಿನ ಉಪ್ಪು ತಿಳಿಯುವದೇ ಹೊರತು ನೀರಿನಲ್ಲಿಯ ರೋಗದ ಕ್ರಿಮಿಗಳು ತಿಳಿಯವು. ಕುಡಿಯುವ ನೀರನ್ನು ಕುದಿಸುವದು ಇದ್ದೇ ಇದೆ.

ಮೇ ತಿಂಗಳಿನ ಕೊನೆಗೆ ಮೋಡ ಕಟ್ಟಿತು. ತಾಟುಗಳನ್ನು ತೊಳೆದಿಟ್ಟರು. ಮಕ್ಕಳು ಮಾಡಿದ ಉಪ್ಪಿನ ಎರಡು ಪೊಟ್ಟಣಗಳನ್ನು, ಒಂದು ಕಹಿನೀರನ್ನು ಬಸಿದದ್ದು, ಇನ್ನೊಂದು ಬಸಿಯದೆ ಪೂರ್ಣವಾಗಿ ಒಣಗಿಸಿದ್ದು, ಶಾಲೆಯ ಕಪಾಟಿನಲ್ಲಿ ಪಕ್ಕಪಕ್ಕದಲ್ಲಿ ಬಾಯಿ ತೆರೆದು ಇಟ್ಟಿದ್ದಾರೆ. ಜೂನಿನಲ್ಲಿ ಶಾಲೆ ತೆರೆದ ಮೇಲೆ ಯಾವುದು ಎಷ್ಟು ಒದ್ದೆಯಾಗಿದೆಯೆಂದು ತೂಗಿ ನೋಡುವದು ಮುಂದಿನ ಪಾಠ.